ಮಳೆ ಲೆಕ್ಕದ ಸ್ಕ್ರೀನ್‌ಶಾಟ್: ಬಣ್ಣ, ಅಳತೆ, ಬಾಣ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಇಂಚಿನ ನೂರನೇ ಒಂದು ಭಾಗವಾದ ಸೆಂಟ್‌ಗಳಲ್ಲಿ ಬರೆದಿಡುವ ರೂಢಿ ಹಳೆಯದು. ಈಚೆಗೆ ಆ ಪುಸ್ತಕದ ಜಾಗಕ್ಕೆ ಎಕ್ಸೆಲ್ ಬಂದಿದೆ. ಕಾಫಿ ಹೂ ಅರಳಲು ಬೇಕಾದ ಹೂಮಳೆ ಸಾಕಷ್ಟು ಬಂದ ದಿನಕ್ಕೆ ಹಸಿರು, ಸಾಲದ ದಿನಕ್ಕೆ ಕೆಂಪು ಎಂದು ಬಣ್ಣ ತುಂಬಿ, ಅದರ ಸ್ಕ್ರೀನ್‌ಶಾಟ್ ತೆಗೆದು, ಕೆಂಪು ಬಾಣ ಹಾಕಿ ಬೆಳೆಗಾರರ ಗುಂಪಿಗೆ ಕಳಿಸುತ್ತಾರೆ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬುದನ್ನು ಈ ಚಿತ್ರ ನೋಡಿಯೇ ತೀರ್ಮಾನಿಸುವವರಿದ್ದಾರೆ. ಕೆಂಪು-ಹಸಿರಿನ ವ್ಯತ್ಯಾಸ ಕಾಣದವರಿಗೆ, ದೃಷ್ಟಿ ಮಂದವಾದವರಿಗೆ ಇದೇ ಚಿತ್ರ ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ.

ಬಣ್ಣದಿಂದ ಆರಂಭಿಸುತ್ತೇನೆ. ಎಕ್ಸೆಲ್‌ನ ಸಿದ್ಧ ಶೈಲಿಯಲ್ಲಿ ತಿಳಿಹಸಿರು `#C6EFCE`, ತಿಳಿಗೆಂಪು `#FFC7CE`. ಎರಡು ಬಣ್ಣಗಳ ಹೊಳಪಿನ ಅನುಪಾತವನ್ನು ಹೀಗೆ ಲೆಕ್ಕ ಹಾಕುತ್ತಾರೆ:

```
(L1 + 0.05) / (L2 + 0.05)
```

`L1` ಹೆಚ್ಚು ಹೊಳಪಿನದು, `L2` ಕಡಿಮೆ ಹೊಳಪಿನದು. ಜಾಲತಾಣಗಳಿಗಾಗಿ ಇರುವ ಸುಗಮ್ಯತಾ ಮಾನದಂಡದ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಹಿನ್ನೆಲೆಯೊಂದಿಗೆ ಕನಿಷ್ಠ 4.5, ಅರ್ಥ ಹೊತ್ತ ಗೆರೆ-ಗುರುತುಗಳಿಗೆ ಕನಿಷ್ಠ 3 ಇರಬೇಕು. ಈ ಶೈಲಿಯ ಕಡುಹಸಿರು, ಕಡುಗೆಂಪು ಅಕ್ಷರಗಳು ತಮ್ಮ ತಮ್ಮ ಕೋಶದೊಳಗೆ 6ರ ಆಸುಪಾಸಿನಲ್ಲಿದ್ದು ಸುಲಭವಾಗಿ ಪಾಸಾಗುತ್ತವೆ. ಆದರೆ ಎರಡು ಕೋಶಗಳ ನಡುವಿನ ಅನುಪಾತ ಬರೀ 1.16! ಅಂಕಿ ಓದಲು ಬರುತ್ತದೆ, ಯಾವ ದಿನ ಯಾವ ಗುಂಪಿಗೆ ಸೇರಿತು ಎಂಬುದು ಬರುವುದಿಲ್ಲ. ಅಕ್ಷರವನ್ನಷ್ಟೇ ಪರೀಕ್ಷಿಸಿ ಸುಮ್ಮನಾದರೆ ಈ ದೋಷ ಸಿಕ್ಕುವುದೇ ಇಲ್ಲ.

ಬಣ್ಣವನ್ನು ಇನ್ನಷ್ಟು ಗಾಢ ಮಾಡುವುದು ಇದಕ್ಕೆ ಪರಿಹಾರವಲ್ಲ. ಶುದ್ಧ ಕೆಂಪು `#FF0000`ಕ್ಕೂ ಹಸಿರು `#008000`ಕ್ಕೂ ನಡುವೆ ಇರುವುದು ಸುಮಾರು 1.3 ಮಾತ್ರ. ಪಕ್ಕದಲ್ಲೊಂದು ಕಾಲಂ ಸೇರಿಸಿ ‘ಸಾಕು’, ‘ಸಾಲದು’ ಎಂದು ಬರೆದುಬಿಡಿ. ಬಣ್ಣ ಇರಲಿ, ಆದರೆ ಅದೊಂದೇ ಸಾಕ್ಷಿಯಾಗಿ ಉಳಿಯಬಾರದು.

ಬಾಣದ ಕಥೆಯೂ ಇಂಥದ್ದೇ. ಕೆಂಪು ಬಾಣದ ತುದಿ ತಿಳಿಗೆಂಪು ಕೋಶದ ಮೇಲೆ ಬಿದ್ದಾಗ ಅನುಪಾತ 2.7, ಬೇಕಾದ 3ಕ್ಕಿಂತ ಕಡಿಮೆ. ಕಪ್ಪು ಹಿನ್ನೆಲೆಯ ಆ್ಯಪ್‌ಗಳಲ್ಲಿ ಬೇರೆಯದೇ ತೊಂದರೆಯಿದೆ: ಕೆಂಪು ಬೆಳಕನ್ನು ಗ್ರಹಿಸುವ ಶಂಕುಕೋಶಗಳು ಕೆಲಸ ಮಾಡದವರಿಗೆ ಕೆಂಪು ಮಸುಕಾಗಿ, ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಕಡುನೀಲಿ `#003366` ಅದೇ ತಿಳಿಗೆಂಪಿನ ಮೇಲೆ 8.6 ಕೊಡುತ್ತದೆ. ಗೆರೆಯನ್ನು ದಪ್ಪಗೆ ಎಳೆದು ಸುತ್ತ ಬಿಳಿ ಅಂಚು ಕೊಟ್ಟರೆ ಕಪ್ಪು ಹಿನ್ನೆಲೆಯಲ್ಲೂ ಕಳೆದುಹೋಗುವುದಿಲ್ಲ. ಬಾಣದ ಬುಡದಲ್ಲಿ ತುಂಬಿದ ವೃತ್ತದೊಳಗೆ ಬಿಳಿ ಅಂಕಿ ಹಾಕಿ, ವಿವರಣೆಯಲ್ಲೂ ಅದೇ ಅಂಕಿ ಬಳಸಿ. ‘ಕೆಂಪು ಬಾಣ ನೋಡಿ’ ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ. ಒಂದು ಚಿತ್ರಕ್ಕೆ ಮೂರಕ್ಕಿಂತ ಹೆಚ್ಚು ಬಾಣ ಬೇಕೆನಿಸಿದರೆ ನಾನು ಚಿತ್ರವನ್ನೇ ಎರಡಾಗಿಸುತ್ತೇನೆ. ಚಿತ್ರವನ್ನು ಬಹಳ ಹಿಗ್ಗಿಸಿ ನೋಡುವವರ ಪರದೆಯಲ್ಲಿ ಉದ್ದ ಬಾಣದ ಬುಡ ಒಮ್ಮೆ, ತುದಿ ಇನ್ನೊಮ್ಮೆ ಕಾಣುತ್ತದೆ. ಆದ್ದರಿಂದ ಬಾಣ ಗಿಡ್ಡವಿರಲಿ, ಅಂಕಿ ಗುರಿಯ ಪಕ್ಕದಲ್ಲೇ ಇರಲಿ.

ಇನ್ನು ಅಳತೆ. ಇಲ್ಲಿ ಕತ್ತರಿಸುವುದು ಮತ್ತು ಜೂಮ್ ಮಾಡುವುದು ಎಂಬ ಎರಡು ಕೆಲಸಗಳನ್ನು ಬಹಳ ಮಂದಿ ಒಂದೆಂದು ತಿಳಿಯುತ್ತಾರೆ. 1920 ಪಿಕ್ಸೆಲ್ ಅಗಲದ ಇಡೀ ಪರದೆ 360 ಅಗಲದ ಮೊಬೈಲ್‌ನಲ್ಲಿ ಕುಳಿತಾಗ 16 ಪಿಕ್ಸೆಲ್ ಎತ್ತರದ ಅಕ್ಷರ 3ಕ್ಕೆ ಇಳಿಯುತ್ತದೆ. ದಿನಾಂಕ, ಮಳೆ, ಷರಾ ಈ ಮೂರು ಕಾಲಂ ಮಾತ್ರ ಉಳಿಸಿ 450 ಅಗಲಕ್ಕೆ ಕತ್ತರಿಸಿದರೆ ಅದೇ ಅಕ್ಷರ ಸುಮಾರು 13 ಪಿಕ್ಸೆಲ್ ಆಗಿ ನಿಲ್ಲುತ್ತದೆ. ಮೊದಲ ನೋಟದ ಗಾತ್ರವನ್ನು ನಿರ್ಧರಿಸುವುದು ಕತ್ತರಿ.

ಜೂಮ್ ನಿರ್ಧರಿಸುವುದು ಅದರ ನಂತರದ ಸ್ಪಷ್ಟತೆಯನ್ನು. ಸ್ಕ್ರೀನ್‌ಶಾಟ್ ತೆಗೆಯುವ ಮೊದಲೇ ಹಾಳೆಯನ್ನು 200%ಕ್ಕೆ ಹಿಗ್ಗಿಸಿದರೆ ಅದೇ ಮೂರು ಕಾಲಂ 900 ಪಿಕ್ಸೆಲ್‌ನಲ್ಲಿ ಸಿಗುತ್ತವೆ. ಮೊಬೈಲ್‌ನಲ್ಲಿ ತೆರೆದಾಗ ಗಾತ್ರ ಮೊದಲಿನಷ್ಟೇ, ಆದರೆ ಎರಡು ಬೆರಳಿಂದ ಹಿಗ್ಗಿಸಿದಾಗ ಅಂಚುಗಳು ಒಡೆಯುವುದಿಲ್ಲ. ತೆಗೆದ ಮೇಲೆ ಎಡಿಟರ್‌ನಲ್ಲಿ ದೊಡ್ಡದು ಮಾಡಿದರೆ ಪಿಕ್ಸೆಲ್ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ. ಕತ್ತರಿಸುವಾಗ ಕಾಲಂ ತಲೆಬರಹವನ್ನು ಬಿಡಬೇಡಿ, ‘1.20’ ಇಂಚೋ ಮತ್ತೇನೋ ತಿಳಿಯುವುದು ಅದರಿಂದಲೇ. ಪಿಎನ್‌ಜಿ ಆಗಿ ಉಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದದ್ದು ಕುಗ್ಗಿ, ಅಕ್ಷರದ ಸುತ್ತ ಮಬ್ಬು ಕಟ್ಟುತ್ತದೆ.

ಕಳಿಸುವ ಮೊದಲು ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿ. ವಿಂಡೋಸ್‌ನಲ್ಲಿ ಬಣ್ಣದ ಫಿಲ್ಟರ್ ಶಾರ್ಟ್‌ಕಟ್ ಸಕ್ರಿಯವಾಗಿದ್ದರೆ `Win + Ctrl + C` ಸಾಕು. ಆದರೆ ಈ ಪರೀಕ್ಷೆ ಬಣ್ಣಗುರುಡಿನ ನಕಲಲ್ಲ: ಕಪ್ಪಿನ ಮೇಲಿನ ಕೆಂಪು ಇಲ್ಲಿ ತಕ್ಕಮಟ್ಟಿಗೆ ಕಂಡರೂ ಕೆಲವರಿಗೆ ಕಾಣದು. ಅದಕ್ಕೆ ಕ್ರೋಮ್‌ನ ಡೆವಲಪರ್ ಪರಿಕರಗಳಲ್ಲಿ `Rendering` ಭಾಗದ `Emulate vision deficiencies` ಬಳಸಿ. ಮಸುಕು ದೃಷ್ಟಿಯ ಅನುಕರಣೆಯೂ ಅಲ್ಲೇ ಇದೆ.

ಚಿತ್ರ ಏನು ಮಾಡಿದರೂ ಕಾಣದವರಿಗೆ ಸಂದೇಶದಲ್ಲೇ ಒಂದು ಸಾಲು ಬೇಕು: ‘1ನೇ ಗುರುತು: ಮಾರ್ಚ್ 14, ಮಳೆ 40 ಸೆಂಟ್, ಸಾಲದು.’ ‘ಮಳೆ ಪಟ್ಟಿಯ ಚಿತ್ರ’ ಎಂದಷ್ಟೇ ಬರೆದರೆ ಓದಿ ಹೇಳುವ ತಂತ್ರಾಂಶವೂ ಅದನ್ನೇ ಹೇಳಿ ಮುಂದೆ ಹೋಗುತ್ತದೆ.