ಮೂರು ಸಾವಿರ ಪದದ ಪ್ರಬಂಧ, ಎರಡು ಸಾವಿರದ ಮಿತಿ

ಎಂ.ಎ. ಸೆಮಿನಾರಿಗೆ ಎರಡು ಸಾವಿರ ಪದ ಎಂದು ಹೇಳಿರುತ್ತಾರೆ. ಬರೆದು ಮುಗಿಸಿ ಎಣಿಸಿದರೆ 3,120. ಆಗ ಹೆಚ್ಚಿನವರು ಮೊದಲ ಪುಟದ ಮೊದಲ ವಾಕ್ಯದಿಂದ ಹಿಡಿದು ಅಲ್ಲೊಂದು 'ಬಹಳ', ಇಲ್ಲೊಂದು 'ಅತ್ಯಂತ' ಕೀಳುತ್ತಾ ಹೋಗುತ್ತಾರೆ. ಎರಡು ಗಂಟೆ ಕೂತರೂ ಲೆಕ್ಕ 2,750ರ ಆಸುಪಾಸಿನಿಂದ ಕೆಳಗಿಳಿಯುವುದಿಲ್ಲ. ಕೊನೆಗೆ ಸಾಕಾಗಿ, ಹಿಂದಿನಿಂದ ಎರಡು ಪ್ಯಾರಾ ಪೂರ್ತಿ ಎತ್ತಿಬಿಡುತ್ತಾರೆ. ಸಾಹಿತ್ಯದ ಪ್ರಬಂಧದಲ್ಲಿ ವಾದ ಮೈದುಂಬಿಕೊಳ್ಳುವುದು ಸಾಮಾನ್ಯವಾಗಿ ಆ ಹಿಂದಿನ ಪ್ಯಾರಾಗಳಲ್ಲೇ. ಪದಮಿತಿಯೇನೋ ಸಿಗುತ್ತದೆ, ಆದರೆ ಉಳಿಯುವುದು ಕಥಾಸಾರ ಮಾತ್ರ.

ಪದ ಕೀಳುವುದು ಕೊನೆಯ ಕೆಲಸ. ಮೊದಲು ಪ್ಯಾರಾ, ಆಮೇಲೆ ಉದಾಹರಣೆ ಮತ್ತು ಉದ್ಧರಣೆ, ಎಲ್ಲ ಮುಗಿದ ಮೇಲೆ ವಾಕ್ಯ. ಒಂದು ಮಾದರಿ ಹಿಡಿದು ನೋಡೋಣ.

ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯ ಮೇಲೊಂದು ಪ್ರಬಂಧ ಎಂದಿಟ್ಟುಕೊಳ್ಳಿ. ಬರೆದವರ ವಾದ ಹೀಗಿದೆ: ಪ್ರಾಣೇಶಾಚಾರ್ಯರು ನಿಜಕ್ಕೂ ಬದಲಾಗುವುದು ಕಾಡಿನಲ್ಲಿ ನಾರಣಪ್ಪನ ಜೊತೆಗಿದ್ದ ಚಂದ್ರಿಯನ್ನು ಕೂಡಿದ ರಾತ್ರಿಯಲ್ಲಲ್ಲ, ಮೂರನೆಯ ಭಾಗದಲ್ಲಿ ದಾರಿಯಲ್ಲಿ ಸಿಕ್ಕ ಅಪರಿಚಿತ ಪುಟ್ಟನ ಜೊತೆ ಮೇಳಿಗೆಯ ಜಾತ್ರೆಗೆ ನಡೆಯುವಾಗ. ಒಳ್ಳೆಯ ವಾದವೇ. ಒಪ್ಪದವರೂ ಇದ್ದಾರೆ, ಹಾಗಾಗಿಯೇ ಬರೆಯುವುದಕ್ಕೆ ಯೋಗ್ಯ.

ಕತ್ತರಿ ಹಿಡಿಯುವ ಮೊದಲು ಈ ವಾದವನ್ನು ಬೇರೊಂದು ಹಾಳೆಯಲ್ಲಿ ಒಂದೇ ವಾಕ್ಯವಾಗಿ ಬರೆದುಕೊಳ್ಳಬೇಕು. ಆ ವಾಕ್ಯದಲ್ಲಿ ಒಂದು 'ಅಲ್ಲ' ಮತ್ತು ಒಂದು 'ಏಕೆಂದರೆ' ಇರಲೇಬೇಕು. 'ಸಂಸ್ಕಾರದಲ್ಲಿ ಆಚಾರ್ಯರ ಆಂತರಿಕ ತುಮುಲ' ಎಂದು ಬರೆದರೆ ಅದು ವಿಷಯವಾಯಿತು, ವಾದವಾಗಲಿಲ್ಲ. ಅದರ ಮುಂದೆ ಇಟ್ಟು ನೋಡಿದರೆ ಯಾವ ಪ್ಯಾರಾವೂ ಅನಗತ್ಯ ಅನ್ನಿಸುವುದಿಲ್ಲ. 'ಚಂದ್ರಿಯ ರಾತ್ರಿಯಲ್ಲಲ್ಲ, ಪುಟ್ಟನ ಜೊತೆಯಲ್ಲಿ, ಏಕೆಂದರೆ ಅಲ್ಲಿ ಆಚಾರ್ಯರು ಯಾರೆಂದು ಜೊತೆಗಿರುವವನಿಗೆ ಗೊತ್ತಿಲ್ಲ' ಎಂದು ಬರೆದಾಗ ಮಾತ್ರ ಅಳೆಯುವ ಕೋಲು ಕೈಗೆ ಬರುತ್ತದೆ.

ಈಗ ಪ್ರತಿ ಪ್ಯಾರಾದ ಪಕ್ಕ ಅಂಚಿನಲ್ಲಿ ಎರಡು ಸಂಗತಿ ಬರೆಯಿರಿ: ಎಷ್ಟು ಪದ, ಮೇಲಿನ ವಾಕ್ಯಕ್ಕೆ ಅದು ಮಾಡುವ ಕೆಲಸವೇನು. ವರ್ಡ್‌ನಲ್ಲಿ ಪ್ಯಾರಾ ಆಯ್ಕೆ ಮಾಡಿಕೊಂಡು Ctrl+Shift+G ಒತ್ತಿದರೆ ಅದರ ಲೆಕ್ಕ ಸಿಗುತ್ತದೆ. ಗೂಗಲ್ ಡಾಕ್ಸ್ ಆದರೆ Ctrl+Shift+C. ನಮ್ಮ ಮಾದರಿಯ ಲೆಕ್ಕ ಹೀಗೆ ಬರುತ್ತದೆ: ಲೇಖಕರ ಪರಿಚಯ ಮತ್ತು ನವ್ಯದ ಹಿನ್ನೆಲೆ 410, ಕಥಾಸಾರ 560, ಶೀರ್ಷಿಕೆಯ ಅರ್ಥವಿಸ್ತಾರ 240, ವಿಮರ್ಶಕರ ಅಭಿಪ್ರಾಯಗಳು 430, ಅಗ್ರಹಾರದ ಜಗಳ 380, ಚಂದ್ರಿಯ ಪ್ರಸಂಗ 350, ಪುಟ್ಟನ ಜೊತೆಗಿನ ನಡಿಗೆ 330, ಮೇಳಿಗೆಯ ಊಟ 180, ಮುಕ್ತಾಯ 240.

ಈ ಲೆಕ್ಕವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬೇಕು. ವಾದ ನಿಂತಿರುವುದು ಪುಟ್ಟನ ಮೇಲೆ, ಮೇಳಿಗೆಯ ಮೇಲೆ. ಅವೆರಡೂ ಸೇರಿ 510 ಪದ, ಇಡೀ ಪ್ರಬಂಧದ ಆರರಲ್ಲಿ ಒಂದು ಪಾಲು. ಅಂದರೆ ಪ್ರಬಂಧ ಎಲ್ಲ ಕಡೆ ಸಮನಾಗಿ ಊದಿಲ್ಲ. ಬೇಡದ ಕಡೆ ಊದಿದೆ, ಬೇಕಾದ ಕಡೆ ಬಡಕಲಾಗಿದೆ. ಪ್ರತಿ ಪ್ಯಾರಾದಿಂದಲೂ ಮೂರನೇ ಒಂದು ಭಾಗ ತೆಗೆಯುವ 'ನ್ಯಾಯ'ದ ಹಂಚಿಕೆ ಇಲ್ಲಿ ಅನ್ಯಾಯವೇ. ಮೇಳಿಗೆಯ ಊಟ 120 ಪದಕ್ಕೆ ಇಳಿದರೆ ವಾದದ ಉಸಿರೇ ನಿಂತಿತು. ಆದ್ದರಿಂದ ಕಡಿಮೆ ಮಾಡುವ ಕೆಲಸದ ಮಧ್ಯೆಯೇ ಈ ಎರಡು ಪ್ಯಾರಾಗಳನ್ನು ಬೆಳೆಸಬೇಕು. ಪುಟ್ಟನಿಗೆ 480, ಮೇಳಿಗೆಗೆ 350 ಎಂದು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಮಿಕ್ಕವರಿಗೆ ಹಂಚಬೇಕು.

ಕತ್ತರಿ ಮೊದಲು ಬೀಳುವುದು ಕಥಾಸಾರದ ಮೇಲೆ. ಓದುವ ಮೇಷ್ಟರು ಕಾದಂಬರಿ ಓದಿರುತ್ತಾರೆ. ಅವರಿಗೆ ಬೇಕಾದದ್ದು ನೀವು ಯಾವ ಘಟ್ಟದ ಬಗ್ಗೆ ಮಾತಾಡುತ್ತಿದ್ದೀರಿ ಎಂಬ ಗುರುತು ಮಾತ್ರ. ನಾರಣಪ್ಪ ಸತ್ತಿದ್ದಾನೆ, ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂಬುದು ತೀರ್ಮಾನವಾಗುತ್ತಿಲ್ಲ, ಉತ್ತರ ಹುಡುಕಬೇಕಾದ ಆಚಾರ್ಯರೇ ಚಂದ್ರಿಯನ್ನು ಕೂಡುತ್ತಾರೆ, ಹೆಂಡತಿ ಭಾಗೀರಥಿ ತೀರಿಕೊಂಡ ಮೇಲೆ ಊರು ಬಿಟ್ಟು ಹೊರಡುತ್ತಾರೆ. ಇಷ್ಟನ್ನು 110 ಪದದಲ್ಲಿ ಹೇಳಬಹುದು. ಪ್ಲೇಗು, ಸಾಯುವ ಇಲಿಗಳು, ಚಂದ್ರಿ ತಂದಿಟ್ಟ ಒಡವೆಗೆ ಬ್ರಾಹ್ಮಣರ ಆಸೆ, ಇವೆಲ್ಲ ಕಾದಂಬರಿಯ ಜೀವಾಳವಿರಬಹುದು, ಈ ವಾದದ ಜೀವಾಳವಲ್ಲ. ಕೈ ಹಿಂಜರಿಯುತ್ತದೆ, ಆದರೂ ತೆಗೆಯಬೇಕು.

ಪರಿಚಯದ 410 ಪದ 150ಕ್ಕೆ ಇಳಿಯಲಿ. ಕಾದಂಬರಿ 1965ರದ್ದು, 1970ರಲ್ಲಿ ಸಿನಿಮಾ ಆಯಿತು, ಲೇಖಕರಿಗೆ 1994ರ ಜ್ಞಾನಪೀಠ ಬಂತು ಎಂಬ ಮೂರರಲ್ಲಿ ಮೊದಲನೆಯದಷ್ಟೇ ಸಾಕು. ಶೀರ್ಷಿಕೆಯ ಪ್ಯಾರಾ ಪೂರ್ತಿ ಹೋಗಲಿ. 'ಸಂಸ್ಕಾರ' ಪದಕ್ಕೆ ಇರುವ ಹಲವು ಅರ್ಥಗಳ ಚರ್ಚೆ ಬೇರೊಂದು ಪ್ರಬಂಧದ ಸರಕು. ಅಗ್ರಹಾರದ ಜಗಳಕ್ಕೆ 200, ಮುಕ್ತಾಯಕ್ಕೆ 150.

ಇನ್ನು ಎರಡು ಪ್ಯಾರಾಗಳಲ್ಲಿ ಜಾಗ್ರತೆ ಬೇಕು, ಹೆಚ್ಚಿನ ಪ್ರಬಂಧಗಳು ಕೆಡುವುದು ಇಲ್ಲೇ. ಒಂದು, ಚಂದ್ರಿಯ ಪ್ರಸಂಗ. 'ನನ್ನ ವಾದ ಪುಟ್ಟನ ಬಗ್ಗೆ, ಚಂದ್ರಿ ಯಾಕೆ' ಎಂದು ಅದನ್ನು ಎರಡು ಸಾಲಿಗೆ ಇಳಿಸಿದರೆ 'ಅಲ್ಲ' ಎನ್ನುವುದಕ್ಕೆ ಎದುರಿಗೆ ಏನೂ ಉಳಿಯುವುದಿಲ್ಲ. ಕಾಡಿನ ಆ ರಾತ್ರಿಯೇ ತಿರುವು ಎಂದು ಓದುವವರ ಪಕ್ಷವನ್ನು ಅದರ ಪೂರ್ತಿ ಬಲದೊಂದಿಗೆ ಮುಂದಿಟ್ಟರೆ ಮಾತ್ರ ಅದನ್ನು ದಾಟಿ ಹೋಗುವುದಕ್ಕೆ ಅರ್ಥ. ಹಾಗಾಗಿ ಇದರಿಂದ 50 ಪದಕ್ಕಿಂತ ಹೆಚ್ಚು ತೆಗೆಯಬಾರದು. ಎರಡು, ವಿಮರ್ಶಕರ ಪ್ಯಾರಾ. ಐದು ಜನರ ಅಭಿಪ್ರಾಯವನ್ನು ಸಾಲಾಗಿ ನಿಲ್ಲಿಸಿರುತ್ತೇವೆ, ಅವರಲ್ಲಿ ಮೂವರು ಹೇಳಿದ್ದು ಹೆಚ್ಚುಕಡಿಮೆ ಒಂದೇ. ನಿಮ್ಮ ವಾದವನ್ನು ನೇರವಾಗಿ ಎದುರಿಸುವ ಒಬ್ಬರನ್ನು ಇಟ್ಟುಕೊಂಡು ಉಳಿದವರನ್ನು ಬಿಡಿ. 430 ಇದ್ದದ್ದು 170ಕ್ಕೆ ಬರುತ್ತದೆ. ಓದಿದ್ದೇನೆ ಎಂದು ತೋರಿಸಿಕೊಳ್ಳುವ ಆಸೆಯೇ ಈ ಪ್ಯಾರಾವನ್ನು ಊದಿಸಿರುತ್ತದೆ. ಅದಕ್ಕೆ ಗ್ರಂಥಋಣ ಇದೆಯಲ್ಲ.

ಇವನ್ನೆಲ್ಲ ಕೂಡಿದರೆ 1,910. ಉಳಿದ 90 ಪದ ಬೇಕೆಂದೇ ಬಿಟ್ಟದ್ದು. ಪ್ಯಾರಾಗಳನ್ನು ತೆಗೆದ ಮೇಲೆ ಅಕ್ಕಪಕ್ಕ ಬಂದು ಕೂತ ಎರಡು ಪ್ಯಾರಾಗಳಿಗೆ ಪರಸ್ಪರ ಪರಿಚಯವೇ ಇರುವುದಿಲ್ಲ. ಅವನ್ನು ಬೆಸೆಯಲು ಹೊಸ ವಾಕ್ಯ ಬೇಕು. ಸರಿಯಾಗಿ 2,000ಕ್ಕೆ ಲೆಕ್ಕ ಕಟ್ಟಿದವರು ಈ ಹಂತದಲ್ಲಿ ಮತ್ತೆ ಮಿತಿ ಮೀರುತ್ತಾರೆ. ತೆಗೆದ ಪ್ಯಾರಾಗಳನ್ನು ಅಳಿಸಬೇಡಿ, ಬೇರೊಂದು ಫೈಲಿಗೆ ಹಾಕಿಡಿ. ಮತ್ತೆ ಬೇಕಾಗುವುದು ಅಪರೂಪ, ಆದರೆ ಎಲ್ಲಿಗೂ ಹೋಗಿಲ್ಲ ಎಂಬ ಧೈರ್ಯದಿಂದ ಕೈ ಚುರುಕಾಗುತ್ತದೆ.

ಬೆಳೆಸಬೇಕಾದ ಜಾಗದಲ್ಲಿ ಬೆಳೆಸುವುದು ಹೇಗೆ? ಮೇಳಿಗೆಯ ಪ್ಯಾರಾದಲ್ಲಿ ಸಾಮಾನ್ಯವಾಗಿ ಆರು ಸಾಲಿನ ಒಂದು ಉದ್ಧರಣೆ, ಅದರ ಕೆಳಗೆ 'ಇದು ಆಚಾರ್ಯರ ದ್ವಂದ್ವವನ್ನು ಸೂಚಿಸುತ್ತದೆ' ಎಂಬ ಒಂದು ವಾಕ್ಯ ಇರುತ್ತದೆ. ಮಿತಿಗೆ ಹೆದರಿ ಆ ವಾಕ್ಯವನ್ನೂ ತೆಗೆದು ಉದ್ಧರಣೆಯನ್ನು ಮಾತ್ರ ಉಳಿಸಿಕೊಳ್ಳುವವರಿದ್ದಾರೆ. ಮಾಡಬೇಕಾದದ್ದು ಅದರ ಉಲ್ಟಾ. ಆರು ಸಾಲಿನಲ್ಲಿ ನಿಮಗೆ ಬೇಕಾದ ನಾಲ್ಕು ಪದವನ್ನು ನಿಮ್ಮ ವಾಕ್ಯದೊಳಗೇ ಹೆಣೆದು, ಉಳಿದ ಜಾಗವನ್ನು ವಿಶ್ಲೇಷಣೆಗೆ ಕೊಡಿ: ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಕೂರುವುದು, ಯಾರಾದರೂ ಗುರುತು ಹಿಡಿದಾರೆಂಬ ಭಯ, ಆ ಭಯದಲ್ಲಿ ಪಾಪಕ್ಕಿಂತ ಸಿಕ್ಕಿಬೀಳುವ ಅಂಜಿಕೆಯೇ ಮೇಲಾಗಿರುವುದು. ಕಾಡಿನ ರಾತ್ರಿಗೆ ಸಾಕ್ಷಿ ಇರಲಿಲ್ಲ. ಇಲ್ಲಿ ಸುತ್ತ ಕೂತವರೆಲ್ಲ ಸಾಕ್ಷಿಗಳೇ. ನಿಮ್ಮ 'ಏಕೆಂದರೆ' ಗಟ್ಟಿಯಾಗುವುದು ಈ ಹೋಲಿಕೆಯಲ್ಲಿ.

ಈಗ ವಾಕ್ಯಗಳಿಗೆ ಬರಬಹುದು. ಕನ್ನಡ ಪ್ರಬಂಧದ ಬೊಜ್ಜು ಬಹುಪಾಲು ವಾಕ್ಯದ ಬಾಲದಲ್ಲಿರುತ್ತದೆ. ಈ ವಾಕ್ಯ ನೋಡಿ:

'ಪ್ರಾಣೇಶಾಚಾರ್ಯರ ವ್ಯಕ್ತಿತ್ವದಲ್ಲಿ ಉಂಟಾಗುವಂತಹ ಬದಲಾವಣೆ ಎನ್ನುವುದು ಪುಟ್ಟನ ಜೊತೆಯಲ್ಲಿ ಅವರು ಕೈಗೊಳ್ಳುವ ಪ್ರಯಾಣದ ಸಂದರ್ಭದಲ್ಲಿ ನಮಗೆ ಬಹಳ ಸ್ಪಷ್ಟವಾಗಿ ಕಂಡುಬರುತ್ತದೆ ಎಂಬುದನ್ನು ಇಲ್ಲಿ ಗಮನಿಸಬಹುದಾಗಿದೆ.'

ಹದಿನೆಂಟು ಪದ. 'ಗಮನಿಸಬಹುದಾಗಿದೆ' ಎಂದು ಹೇಳದಿದ್ದರೂ ಓದುಗರು ಗಮನಿಸುತ್ತಲೇ ಇರುತ್ತಾರೆ, 'ಎಂಬುದನ್ನು ಇಲ್ಲಿ' ಅದರ ಜೊತೆಗೇ ಹೋಗುತ್ತದೆ. 'ಉಂಟಾಗುವಂತಹ ಬದಲಾವಣೆ ಎನ್ನುವುದು' ಎಂಬಲ್ಲಿ ಅಡಗಿರುವುದು 'ಬದಲಾಗು' ಎಂಬ ಕ್ರಿಯಾಪದ. ಅದನ್ನು ಹೊರಗೆಳೆದರೆ: 'ಪ್ರಾಣೇಶಾಚಾರ್ಯರು ಬದಲಾಗುವುದು ಪುಟ್ಟನ ಜೊತೆ ನಡೆಯುವಾಗ.' ಐದು ಪದ. ವಾಕ್ಯ ಬೆತ್ತಲಾದ ಕೂಡಲೇ ಕಾರಣವನ್ನೇ ಹೇಳಿಲ್ಲ ಎಂಬುದು ಎದ್ದು ಕಾಣುತ್ತದೆ. ಉಳಿಸಿದ ಹದಿಮೂರರಲ್ಲಿ ಐದನ್ನು ವಾಪಸು ಖರ್ಚು ಮಾಡಿ: 'ಏಕೆಂದರೆ ಅವರು ಯಾರೆಂದು ಪುಟ್ಟನಿಗೆ ಗೊತ್ತಿಲ್ಲ.' ಹತ್ತು ಪದದಲ್ಲಿ ವಾದವೂ ಬಂತು, ಕಾರಣವೂ ಬಂತು.

'ಪ್ರಯತ್ನವನ್ನು ಮಾಡಿದ್ದಾರೆ', 'ಚಿತ್ರಣವನ್ನು ನೀಡಲಾಗಿದೆ', 'ಎಂದು ಹೇಳಿದರೆ ತಪ್ಪಾಗಲಾರದು' ಎಂಬಂಥವೆಲ್ಲ ಇದೇ ಜಾತಿ. ಆದರೆ ಚಿಕ್ಕ ಪದ ಎಂಬ ಕಾರಣಕ್ಕೆ 'ಆದರೆ', 'ಹಾಗಾಗಿ', 'ಆದರೂ' ತೆಗೆಯಬೇಡಿ. ಎರಡು ವಾಕ್ಯಗಳ ನಡುವಿನ ತರ್ಕ ಕೂತಿರುವುದು ಅವುಗಳಲ್ಲೇ. ಹೆಚ್ಚಾಗಿ ಈ ಪದಗಳನ್ನೇ ಕಿತ್ತ ಪ್ರಬಂಧ ಓದಿದರೆ ಟಿಪ್ಪಣಿ ಓದಿದ ಹಾಗಿರುತ್ತದೆ.

ಕನ್ನಡಕ್ಕೇ ಸೇರಿದ ಒಂದು ಕಳ್ಳದಾರಿಯೂ ಇದೆ. ಯಂತ್ರ ಎಣಿಸುವುದು ಪದಗಳ ನಡುವಿನ ಖಾಲಿ ಜಾಗ ನೋಡಿ. 'ನಡೆದುಕೊಂಡು ಹೋಗುತ್ತಿದ್ದಾಗ' ಎಂಬುದನ್ನು ಅಂಟಿಸಿ ಬರೆದರೆ ಎರಡು ಇದ್ದದ್ದು ಒಂದಾಗುತ್ತದೆ. ಹೀಗೆ ಅಂಟಿಸಿ ನೂರಿನ್ನೂರು ಪದ ಉಳಿಸಿದ ಪ್ರಬಂಧವನ್ನು ಒಂದು ಪುಟ ಓದುವಷ್ಟರಲ್ಲಿ ಮೇಷ್ಟರು ಹಿಡಿಯುತ್ತಾರೆ. ಅಡಿಟಿಪ್ಪಣಿಗೆ ತಳ್ಳುವುದೂ ಇಂಥದ್ದೇ. ವರ್ಡ್‌ನ ಲೆಕ್ಕದ ಕಿಟಕಿಯಲ್ಲಿ Include textboxes, footnotes and endnotes ಎಂಬಲ್ಲಿ ಗುರುತು ಹಾಕಿದರೆ ತಳ್ಳಿದ್ದೆಲ್ಲ ವಾಪಸು ಬಂದು ಕೂರುತ್ತದೆ. ಅಡಿಟಿಪ್ಪಣಿ, ಉದ್ಧರಣೆ, ಗ್ರಂಥಋಣ ಮಿತಿಯೊಳಗೆ ಸೇರುತ್ತವೆಯೇ ಎಂಬುದು ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ, ಕೆಲಸ ಶುರು ಮಾಡುವ ಮೊದಲೇ ಕೇಳಿಕೊಳ್ಳಿ.

ಕೊನೆಗೆ Ctrl+F ಒತ್ತಿ 'ಮೇಲೆ', 'ಈಗಾಗಲೇ', 'ಹಿಂದೆ', 'ಮುಂದೆ' ಎಂಬ ಪದಗಳನ್ನು ಒಂದೊಂದಾಗಿ ಹುಡುಕಿ. 'ಮೇಲೆ ಚರ್ಚಿಸಿದ ಶೀರ್ಷಿಕೆಯ ಅರ್ಥದಂತೆ' ಎಂದು ಮುಕ್ತಾಯದಲ್ಲಿ ಉಳಿದಿರುತ್ತದೆ, ಮೇಲೆ ಆ ಪ್ಯಾರಾವೇ ಇಲ್ಲ. ಪರಿಚಯದಲ್ಲಿ 'ಐವರು ವಿಮರ್ಶಕರ ನಿಲುವುಗಳನ್ನು ಪರಿಶೀಲಿಸಲಾಗುವುದು' ಎಂಬ ಮಾತೂ ಹಾಗೇ ಇರುತ್ತದೆ. ಅದಾದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಸಾಲಾಗಿ ಜೋರಾಗಿ ಓದಿ. ಆರಂಭದಲ್ಲಿ ಹಾಳೆಯ ಮೇಲೆ ಬರೆದಿಟ್ಟ ಆ ಒಂದು ವಾಕ್ಯ ಬಿಡಿಬಿಡಿಯಾಗಿ ಕೇಳಿಸಬೇಕು. ಎಲ್ಲಿ ಕೊಂಡಿ ತಪ್ಪುತ್ತದೋ ಅಲ್ಲಿಗೆ ಉಳಿಸಿಟ್ಟ 90ರಲ್ಲಿ ಹದಿನೈದಿಪ್ಪತ್ತು ಪದ ಕೊಡಿ.