ಮಂಗಳವಾರ ಊಟಕ್ಕೆ ಬಾ ಅಂದ್ರೆ ಎಷ್ಟು ಗಂಟೆಗೆ?

ನಾನು ಬೆಂಗಳೂರಲ್ಲಿ ಫ್ರೆಂಚ್ ಹೇಳಿಕೊಡ್ತೀನಿ, ಈಗ ಬರೋ ಸ್ಟೂಡೆಂಟ್ಸಲ್ಲಿ ಮುಕ್ಕಾಲು ಪಾಲು ಕೆನಡಾ ಪಿ.ಆರ್.ಗೆ ಪಾಯಿಂಟ್ಸ್ ಬೇಕು ಅಂತ ಬರೋರು. ಹಂಗೆ ಬಂದು ಎಕ್ಸಾಮಲ್ಲಿ ಒಳ್ಳೆ ಸ್ಕೋರ್ ತಗೊಂಡು ಮಾಂಟ್ರಿಯಲ್‌ಗೆ ಹೋದ ಹುಡುಗ ಒಬ್ಬ ಇದಾನೆ, ಲಿಸನಿಂಗಲ್ಲಿ ಕ್ಲಾಸ್‌ಗೇ ಫಸ್ಟು. ಹೋಗಿ ಮೂರನೇ ವಾರ ಫೋನ್ ಮಾಡ್ದ, "ಮೇಡಂ, ಇಲ್ಲಿ ಇವ್ರು ಮಾತಾಡೋದು ಫ್ರೆಂಚೇನಾ?"

ಆಗಿದ್ದು ಇಷ್ಟು. ಆಫೀಸಲ್ಲಿ ಜೊತೆಗೆ ಕೆಲಸ ಮಾಡೋರು ಒಬ್ರು ಮಂಗಳವಾರ ಮನೆಗೆ 'ದೀನೆ'ಗೆ ಬಾ ಅಂತ ಕರ್ದಿದಾರೆ, ಅವತ್ತು ಯಾವ್ದೋ ರಜಾ ಬೇರೆ. ದೀನೆ ಅಂದ್ರೆ ರಾತ್ರಿ ಊಟ ಅಂತ ನಾನೇ ಹೇಳಿಕೊಟ್ಟಿದ್ದು, ಇವನು ಸ್ವೀಟ್ ಬಾಕ್ಸ್ ಹಿಡ್ಕೊಂಡು ರಾತ್ರಿ ಏಳೂವರೆಗೆ ಹೋಗಿದಾನೆ. ಅವ್ರು ಮಧ್ಯಾಹ್ನ ಹನ್ನೆರಡಕ್ಕೆ ತಟ್ಟೆ ಹಾಕಿ ಕಾದು, ಕೊನೆಗೆ ತಾವೇ ಉಂಡು ಪಾತ್ರೆ ತೊಳ್ದಿಟ್ಟಿದ್ರು.

ತಪ್ಪು ಅವನದ್ದೂ ಅಲ್ಲ ಅವರದ್ದೂ ಅಲ್ಲ. ಇವತ್ತು ಪ್ಯಾರಿಸಲ್ಲಿ ಬೆಳಗ್ಗಿನ ತಿಂಡಿ 'ಪತಿ ದೆಜ್ಯೂನೆ', ಮಧ್ಯಾಹ್ನದ ಊಟ 'ದೆಜ್ಯೂನೆ', ರಾತ್ರಿಯದ್ದು 'ದೀನೆ'. ಮಾಂಟ್ರಿಯಲ್ ಇರೋ ಕ್ವಿಬೆಕ್ ಪ್ರಾಂತ್ಯದಲ್ಲಿ ಬೆಳಗ್ಗೇದೇ ದೆಜ್ಯೂನೆ, ಮಧ್ಯಾಹ್ನ ದೀನೆ, ರಾತ್ರಿ 'ಸೂಪೆ'. ಹಳೇ ಲೆಕ್ಕ ಕ್ವಿಬೆಕ್ಕಿನದ್ದೇ. 'ಜ್ಯೂನ್' ಅಂದ್ರೆ ಉಪವಾಸ, ದೆಜ್ಯೂನೆ ಅಂದ್ರೆ ಉಪವಾಸ ಮುರಿಯೋದು, ಅದು ಬೆಳಗ್ಗೇನೇ ತಾನೇ ಆಗ್ಬೇಕು. ಪ್ಯಾರಿಸಿನ ದುಡ್ಡಿರೋ ಜನ 18 ಮತ್ತು 19ನೇ ಶತಮಾನದಲ್ಲಿ ಊಟದ ಹೊತ್ತನ್ನ ಮುಂದಕ್ಕೆ ಮುಂದಕ್ಕೆ ತಳ್ಕೊಂಡು ಹೋದ್ರು, ಮಧ್ಯಾಹ್ನದ ದೀನೆ ಸಾಯಂಕಾಲಕ್ಕೆ ಬಂತು, ಬೆಳಗಿನ ಹೆಸರು ಮಧ್ಯಾಹ್ನಕ್ಕೆ ಜಾರ್ತು, ಬೆಳಗ್ಗೆಗೆ ಹೆಸರೇ ಇಲ್ದಂಗಾಗಿ 'ಪತಿ' ಅಂದ್ರೆ ಚಿಕ್ಕದು ಅಂತ ಸೇರಿಸಿ ಇನ್ನೊಂದು ಮಾಡ್ಕೊಂಡ್ರು. ಅಷ್ಟೊತ್ತಿಗೆ ಕ್ವಿಬೆಕ್ಕು ಫ್ರಾನ್ಸಿನ ಕೈಬಿಟ್ಟಿತ್ತು, 1763ರ ಒಪ್ಪಂದದಲ್ಲಿ ಬ್ರಿಟಿಷರ ಪಾಲಾಯ್ತು, ಪ್ಯಾರಿಸ್ ಫ್ಯಾಷನ್ ಅಲ್ಲಿವರೆಗೂ ಹೋಗ್ಲಿಲ್ಲ. ಬೆಲ್ಜಿಯಂ, ಸ್ವಿಟ್ಜರ್ಲೆಂಡಲ್ಲೂ ಇವತ್ತಿಗೂ ಹಳೇ ಲೆಕ್ಕಾನೇ ನಡೀತಿದೆ.

ಬೆಲ್ಜಿಯಂ ಅಂದಮೇಲೆ ಇದೊಂದು ಹೇಳ್ಬಿಡ್ತೀನಿ, ಎಪ್ಪತ್ತಕ್ಕೆ ಪ್ಯಾರಿಸಿನವರು ಅರವತ್ತು-ಹತ್ತು ಅಂತಾರೆ, ತೊಂಬತ್ತಕ್ಕೆ ನಾಲ್ಕು-ಇಪ್ಪತ್ತು-ಹತ್ತು. ಬೆಲ್ಜಿಯಂನಲ್ಲಿ ನೇರವಾಗಿ 'ಸೆಪ್ತಾಂತ್', 'ನೊನಾಂತ್'. ಬೆಲ್ಜಿಯಂ ಆಳಿದ ಕಾಂಗೋದ ಕಿನ್ಶಾಸಾದಲ್ಲೂ ಹಂಗೇ, ಆದ್ರೆ ನದಿ ಆಚೆ ದಡದ ಬ್ರಾಜವಿಲ್ ಫ್ರಾನ್ಸ್ ಆಳಿದ ಊರು, ಅಲ್ಲಿ ಅರವತ್ತು-ಹತ್ತು. ಯಾರು ಆಳಿದ್ರು ಅಂತ ಎಪ್ಪತ್ತು ಎಣಿಸೋದ್ರಲ್ಲೇ ಗೊತ್ತಾಗತ್ತೆ.

ಸರಿ, ನಮ್ಮ ಹುಡುಗನ ಕಿವಿಗೆ ಬರೋಣ. ಪದ ಗೊತ್ತಿಲ್ಲ ಅನ್ನೋದು ಅವನಿಗೆ ದೊಡ್ಡ ತೊಂದ್ರೆ ಆಗಿರ್ಲಿಲ್ಲ, ಗೊತ್ತಿರೋ ಪದಾನೇ ಕಿವಿಗೆ ಸಿಗ್ತಿರ್ಲಿಲ್ಲ. ಅವನು ಕಳಿಸಿದ ಒಂದು ವಾಯ್ಸ್ ಮೆಸೇಜ್ ನಾನೂ ಕೇಳ್ದೆ, ಅದ್ರಲ್ಲಿ ಇದ್ದಿದ್ದು "ತ್ಯು ದಿ ಕ ತ್ಯು ವ್ಯಾಂ ಮರ್ದಿ", ಅಂದ್ರೆ 'ಮಂಗಳವಾರ ಬರ್ತೀನಿ ಅಂತೀಯ' ಅನ್ನೋ ಸಲೀಸಾದ ಮಾತು. ಆದ್ರೆ ಕಿವಿಗೆ ಬಿದ್ದಿದ್ದು "ತ್ಸ್ಯು ದ್ಝಿ ಕ ತ್ಸ್ಯು ವ್ಯಾಂ ಮರ್ದ್ಝಿ". ಇವನಿಗೆ ಮಂಗಳವಾರ ಅನ್ನೋ ಮರ್ದಿ ಸಿಗ್ಲೇ ಇಲ್ಲ.

ಇದಕ್ಕೊಂದು ನಿಯಮ ಇದೆ, ಬಹಳ ಕಟ್ಟುನಿಟ್ಟಿನ ನಿಯಮ. ಕ್ವಿಬೆಕ್ಕಲ್ಲಿ ತ, ದ ಅಕ್ಷರದ ಮುಂದೆ 'ಇ' ಅಥವಾ ತುಟಿ ದುಂಡಗೆ ಮಾಡಿ ಹೇಳೋ ಆ 'ಯು' ಬಂದ್ರೆ ಮಾತ್ರ ತ ಹೋಗಿ ತ್ಸ ಆಗತ್ತೆ, ದ ಹೋಗಿ ದ್ಝ ಆಗತ್ತೆ. ಮರಾಠಿಯವರು 'ಚಾಂಗಲಂ' ಅನ್ನೋವಾಗ ಶುರುವಲ್ಲಿ ಬರೋ ಸದ್ದು ಇದೆಯಲ್ಲ, ಬೆಳಗಾವಿ ಕಡೆಯವರಿಗೆ ಚೆನ್ನಾಗಿ ಗೊತ್ತು, ಹೆಚ್ಚುಕಮ್ಮಿ ಅದೇ. ಮುಂದೆ 'ಅ' 'ಒ' 'ಊ' ಇದ್ರೆ ಏನೂ ಆಗಲ್ಲ, 'ತೂ' ಅಂದ್ರೆ ಎಲ್ಲಾ ಅನ್ನೋದು, ಅದು ತೂ ಆಗೇ ಉಳಿಯತ್ತೆ, 'ತ್ಯು' ಅಂದ್ರೆ ನೀನು, ಅದು ಮಾತ್ರ ತ್ಸ್ಯು. ನಾಲಿಗೆ ಮುಂದೆ ಬರೋ 'ಇ'ಗೆ ಮೊದ್ಲೇ ಮೇಲಕ್ಕೆ ಎದ್ದು ಕೂತಿರತ್ತೆ, ಆ ಸಂದಿಯಲ್ಲಿ ಗಾಳಿ ಸೀಟಿ ಹೊಡ್ಕೊಂಡು ಆಚೆ ಬರತ್ತೆ.

ಇದೇನು ವಿಚಿತ್ರ ಅನ್ನಿಸಿದ್ರೆ ನಮ್ಮನೇಲೇ ನೋಡಿ. ನಾವು ಕಿವಿ ಅಂತೀವಿ, ತೆಲುಗಿನವರು ಚೆವಿ ಅಂತಾರೆ, ನಾವು ಕೆರೆ ಅಂದ್ರೆ ಅವ್ರು ಚೆರುವು. 'ಇ' 'ಎ' ಮುಂದೆ ಇದ್ದಾಗ ಅವರಲ್ಲಿ ಕ ಜರುಗಿ ಚ ಆಯ್ತು, ನಮ್ಮಲ್ಲಿ ಹಂಗೇ ಉಳೀತು. ಅಕ್ಷರ ಬೇರೆ ಆದ್ರೂ ಕಾರಣ ಅದೇ ನಾಲಿಗೆಯ ಅವಸರ. ಯಾರೂ ತೆಲುಗನ್ನ ಕೆಟ್ಟ ಕನ್ನಡ ಅನ್ನಲ್ಲ ಅಲ್ವಾ.

ಎರಡನೇ ತೊಡಕು ಮೂಗಿನ ಸ್ವರಗಳು. 'ಸಾಂ' ಅಂದ್ರೆ ನೂರು. ಕ್ವಿಬೆಕ್ಕಲ್ಲಿ ಇದನ್ನ ಬಾಯಿಯ ಮುಂಭಾಗಕ್ಕೆ ತಂದು ಹೇಳ್ತಾರೆ, ಪ್ಯಾರಿಸ್ ಫ್ರೆಂಚ್ ಕಲಿತ ಕಿವಿಗೆ ಅದು 'ಸ್ಯಾಂ' ಅಂತ ಕೇಳತ್ತೆ. ಐದಕ್ಕೆ 'ಸ್ಯಾಂಕ್' ಅಂತಾರೆ, ಮುಂದೆ ವ್ಯಂಜನ ಬಂದ್ರೆ ಆಡುಮಾತಲ್ಲಿ ಕೊನೇ ಕ್ ಬಿಟ್ಟುಬಿಡ್ತಾರೆ. ಈಗ ಯೋಚನೆ ಮಾಡಿ, ಮನೆ ಓನರ್ ನೂರು ಡಾಲರ್ ಅಂದಿದ್ದು ಇವನಿಗೆ ಐದು ಡಾಲರ್ ಅಂತ ಕೇಳಿಸಿದೆ, ಪಾರ್ಕಿಂಗ್ ಇಷ್ಟು ಸಸ್ತಾನಾ ಅಂತ ಖುಷಿಯಾಗಿ ಹೂಂ ಅಂದುಬಿಟ್ಟಿದಾನೆ. ಅದಕ್ಕೆ ಮೇಲೆ ಅವ್ರು ಡಾಲರ್ ಅಂತಾನೂ ಅನ್ನಲ್ಲ, 'ಪ್ಯಾಸ್' ಅಂತಾರೆ, ಹಳೇ ಪಿಯಾಸ್ತ್ರ್ ನಾಣ್ಯದ ಹೆಸರು ಸವೆದು ಹಂಗಾಗಿರೋದು.

ಕ್ವಿಬೆಕ್ ಫ್ರೆಂಚ್ ಅಂದ್ರೆ ಲೂಯಿ ರಾಜನ ಕಾಲದ ಫ್ರೆಂಚು ಫ್ರಿಜ್ಜಲ್ಲಿಟ್ಟಂಗೆ ಉಳ್ಕೊಂಡಿದೆ ಅಂತ ಬಹಳ ಜನ ಹೇಳ್ತಾರೆ, ಕೇಳೋಕೆ ಚಂದ, ಪೂರ್ತಿ ನಿಜ ಅಲ್ಲ. ಉಳಿದಿರೋದು ಹೌದು, 'ನಾನು' ಅನ್ನೋ ಅರ್ಥದ 'ಮ್ವಾ'ನ ಹಳಬರು 'ಮ್ವೆ' ಅಂತಾರೆ, ಅದು ಫ್ರೆಂಚ್ ಕ್ರಾಂತಿಗೆ ಮುಂಚೆ ಅರಮನೇಲೂ ಆಡ್ತಿದ್ದ ಉಚ್ಚಾರಣೆ, ಕ್ರಾಂತಿ ಆದ್ಮೇಲೆ ಪ್ಯಾರಿಸ್ ಜನಸಾಮಾನ್ಯರ 'ಮ್ವಾ' ಗೆದ್ಕೊಂತು. ಆದ್ರೆ ಹೊಸದೂ ಬೇಕಾದಷ್ಟಿದೆ. ಇಂಗ್ಲಿಷ್ ಸುತ್ತ ಇರೋದ್ರಿಂದ ಅವ್ರು ಹುಷಾರಾಗಿ ಪದ ಕಟ್ತಾರೆ, ಈಮೇಲ್‌ಗೆ 'ಕುರಿಯೆಲ್', ವೀಕೆಂಡ್‌ಗೆ 'ಫ್ಯಾಂ ದ ಸಮೆನ್', ರಸ್ತೆಯ ಸ್ಟಾಪ್ ಬೋರ್ಡ್ ಮೇಲೆ 'ಆರೆ' ಅಂತ ಬರೆದಿರತ್ತೆ. ಫ್ರಾನ್ಸಲ್ಲಿ ಅದೇ ಬೋರ್ಡ್ ಮೇಲೆ ಸ್ಟಾಪ್ ಅಂತಾನೇ ಇರೋದು.

ಇನ್ನು ಆಫ್ರಿಕಾ. ಇವತ್ತು ಜಗತ್ತಲ್ಲಿ ಫ್ರೆಂಚ್ ಮಾತಾಡೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ ಇರೋದು, ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಮಾತ್ರ ಅವರಿಗೆ ಎರಡು ಪುಟ. ನನಗೆ ಈ ಪಾಠ ಆಗಿದ್ದು ಗೇರುಬೀಜದಿಂದ. ಮಂಗಳೂರು ಕಡೆ ಫ್ಯಾಕ್ಟರಿಗಳಿಗೆ ಹಸಿ ಗೇರುಬೀಜ ಐವರಿ ಕೋಸ್ಟ್ ಕಡೆಯಿಂದ ಹಡಗಲ್ಲಿ ಬರತ್ತೆ, ಅಲ್ಲಿಯವರ ಜೊತೆ ಮಾತಾಡೋಕೆ ದುಭಾಷಿ ಬೇಕಾದಾಗ ನಾನೂ ಆಗಾಗ ಕೆಲಸ ಒಪ್ಕೋತೀನಿ. ಮೊದಲ್ನೇ ಕಾಲ್‌ಗೆ ಪ್ಯಾರಿಸ್ ಪದ 'ನ್ವಾ ದ ಕಜು' ಬಾಯಿಪಾಠ ಮಾಡ್ಕೊಂಡು ಕೂತಿದ್ದೆ, ಅವ್ರು ಪೂರ್ತಿ ಹೊತ್ತು 'ಅನಕಾರ್ದ್' 'ಅನಕಾರ್ದ್' ಅಂತಾನೇ ಮಾತಾಡಿದ್ರು. ಅಲ್ಲಿ ವ್ಯಾಪಾರದಲ್ಲಿ, ಸರ್ಕಾರದ ಕಾಗದದಲ್ಲಿ ಗೇರುಬೀಜಕ್ಕೆ ಅದೇ ಹೆಸರು.

ಅದೇನೋ ಸುಧಾರಿಸ್ಕೊಂಡೆ. ಆಮೇಲೆ ಬಂತು ನೋಡಿ, ಆ ಕಡೆಯಿಂದ "ಲ ಕಮಿಯೋಂ-ಲಾ ಎ ಗಾತೆ". 'ಗಾತೆ' ಅಂದ್ರೆ ಪ್ಯಾರಿಸಲ್ಲಿ ಹಣ್ಣು ಕೆಟ್ಟಿದ್ದು, ಹಲ್ಲು ಹುಳುಕಾಗಿದ್ದು, ಇಲ್ಲಾ ಮುದ್ದು ಮಾಡಿ ಮಗು ಕೆಟ್ಟಿದ್ದು. ಲಾರಿ ಗಾತೆ ಅಂದ್ರೆ ಲಾರಿ ಲೋಡು ಹಾಳಾಗಿದೆ ಅಂತ ನಾನು ಗಾಬರಿಯಲ್ಲಿ ಹೇಳ್ಬಿಟ್ಟೆ, ಈ ಕಡೆ ಕೂತಿದ್ದ ಸಾಹುಕಾರ್ರ ಮುಖ ಕಪ್ಪಾಯ್ತು, ಅಡ್ವಾನ್ಸ್ ವಾಪಸ್ ಮಾತು ಶುರು ಆಯ್ತು. ಐದು ನಿಮಿಷ ಗಲಾಟೆ ಆದ್ಮೇಲೆ ಗೊತ್ತಾಗಿದ್ದು, ಲಾರಿ ಬರೀ ರಸ್ತೇಲಿ ಕೆಟ್ಟು ನಿಂತಿದೆ, ಮಾಲಿಗೆ ಏನೂ ಆಗಿಲ್ಲ. ಪ್ಯಾರಿಸಿನವನು 'ಆಂ ಪಾನ್' ಅನ್ನೋ ಕಡೆ ಐವರಿ ಕೋಸ್ಟಿನ ಅಬಿಜಾನ್ ಊರಿನವನು 'ಗಾತೆ' ಅಂತಾನೆ. ನಾವು 'ಹಾಲು ಕೆಟ್ಟೋಯ್ತು', 'ಗಾಡಿ ಕೆಟ್ಟೋಯ್ತು' ಎರಡಕ್ಕೂ ಒಂದೇ ಪದ ಹಾಕಲ್ವಾ? ಫ್ರೆಂಚ್ ಬಿಟ್ಟು ಕನ್ನಡದಲ್ಲಿ ಯೋಚನೆ ಮಾಡಿದ್ದಿದ್ರೆ ಅವತ್ತು ಬಚಾವಾಗ್ತಿದ್ದೆ, ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸೋ ವಿಷ್ಯ.

ಕ್ವಿಬೆಕ್ಕಿಗೂ ಆಫ್ರಿಕಾಕ್ಕೂ ಒಂದು ಮೂಲದ ವ್ಯತ್ಯಾಸ ಇದೆ. ಕ್ವಿಬೆಕ್ಕಿಗೆ ಫ್ರೆಂಚ್ ಹೋಗಿದ್ದು ತಾಯಂದಿರ ಬಾಯಲ್ಲಿ, ವಲಸೆ ಹೋದ ಸಂಸಾರಗಳ ಜೊತೆ. ಆಫ್ರಿಕಾಕ್ಕೆ ಹೋಗಿದ್ದು ಶಾಲೆ, ಕಚೇರಿ, ಮಿಲಿಟರಿ ಮೂಲಕ. ಆಮೇಲೆ ಒಂದೊಂದು ದೇಶದಲ್ಲಿ ಒಂದೊಂದು ದಾರಿ ಹಿಡೀತು. ಸೆನೆಗಲ್ಲಲ್ಲಿ ಬೀದಿ ಮಾತಿಗೆ ವೊಲೊಫ್ ಇತ್ತು, ಡಾಕರ್ ಸಂತೇಲಿ ಫ್ರೆಂಚ್ ಬೇಕಾಗ್ಲಿಲ್ಲ, ಹಾಗಾಗಿ ಅಲ್ಲಿ ಫ್ರೆಂಚ್ ಇನ್ನೂ ಸ್ವಲ್ಪ ಇಸ್ತ್ರಿ ಹಾಕಿದ ಬಟ್ಟೆ ಥರ ಇದೆ. ಆದ್ರೂ ಪೆಟ್ರೋಲ್ ಬಂಕ್‌ಗೆ 'ಎಸಾಂಸ್ರಿ' ಅಂತ ಚೊಕ್ಕವಾಗಿ ಪದ ಮಾಡ್ಕೊಂಡಿದಾರೆ, ಪ್ಯಾರಿಸಿನವರು ಅದಕ್ಕೆ ಎರಡು ಪದ ಖರ್ಚು ಮಾಡ್ತಾರೆ. ಅಬಿಜಾನಲ್ಲಿ ಹತ್ತಾರು ಭಾಷೆಯ ಜನ ಬಂದು ಸೇರಿದ್ರು, ಎಲ್ಲರಿಗೂ ಬರೋ ಒಂದು ಊರ ಭಾಷೆ ಇರ್ಲಿಲ್ಲ, ಆಗ ಫ್ರೆಂಚೇ ಬೀದಿಗೆ ಇಳೀತು. ಶಾಲೆ ಮೆಟ್ಟಿಲು ಹತ್ತದವರೂ ಅದನ್ನ ಮುರಿದು ತಮಗೆ ಬೇಕಾದಂಗೆ ಕಟ್ಕೊಂಡ್ರು. ಲಾರಿ ಹಿಂದೆ ಬಂದ ಆ 'ಲಾ' ಇದೆಯಲ್ಲ, 'ಆ ಲಾರಿ ಇದೆಯಲ್ಲ, ಅದು' ಅಂತ ನಾವು ತೋರಿಸೋ ಥರದ್ದು, ಅಬಿಜಾನಲ್ಲಿ ಎಲ್ಲಾ ನಾಮಪದದ ಬಾಲಕ್ಕೂ ಅಂಟ್ಕೊಳತ್ತೆ. ಅಲ್ಲಿಯ ಹುಡುಗ್ರ ನೂಶಿ ಅನ್ನೋ ಬೀದಿ ಭಾಷೆ ಇನ್ನೂ ಮುಂದೆ ಹೋಗಿ, ಜೂಲಾ ಮತ್ತೆ ಬೌಲೆ ಅನ್ನೋ ಅಲ್ಲಿನ ಭಾಷೆಗಳ ಪದಗಳನ್ನ ಫ್ರೆಂಚ್ ಜೊತೆ ಕಲಸಿದೆ. 'ಸಾಂಜಾಯೆ', ಮಜಾ ಮಾಡು, ಅಂತ ಇವತ್ತು ಪ್ಯಾರಿಸ್ ಹುಡುಗ್ರೂ ಅಂತಾರೆ, ಅದು ಅಬಿಜಾನಿಂದ ಹೋಗಿದ್ದು.

ಆಫ್ರಿಕಾದವರ ಉಚ್ಚಾರಣೆ ಮಾತ್ರ ನಮ್ಮ ಕಿವಿಗೆ ಕ್ವಿಬೆಕ್ಕಿಗಿಂತ ಸುಲಭ ಅಂತ ನನ್ನ ಅನುಭವ. ಒಂದೊಂದು ಅಕ್ಷರಕ್ಕೂ ಸಮನಾದ ಜಾಗ ಕೊಟ್ಟು ಹೇಳ್ತಾರೆ, ಪ್ಯಾರಿಸಿನವರ ಥರ ಅರ್ಧ ನುಂಗಲ್ಲ. ಡಾಕರಿನವರಲ್ಲಿ ಬಹಳ ಜನ 'ರ'ನ ನಾಲಿಗೆ ತುದಿ ಆಡಿಸಿ ಹೇಳ್ತಾರೆ, ನಮ್ಮ ರ ಥರಾನೇ. ಆದ್ರೆ ಅಬಿಜಾನಲ್ಲಿ ಪದದ ಕೊನೇಲಿ ಬರೋ ರ ಎಷ್ಟೋ ಸಲ ಮಾಯ ಆಗತ್ತೆ, ಅಲ್ಲಿ ಹುಷಾರಾಗಿರ್ಬೇಕು. ಹಂಗಾಗಿ 'ಆಫ್ರಿಕನ್ ಆಕ್ಸೆಂಟ್' ಅಂತ ಒಂದೇ ಡಬ್ಬಿಗೆ ತುಂಬೋರನ್ನ ಕಂಡ್ರೆ ನನಗಾಗಲ್ಲ.

ಈಗ ಮಾಂಟ್ರಿಯಲ್‌ಗೆ ಹೋಗೋರಿಗೆ ಕೊನೇ ಎರಡು ವಾರ ಬರೀ ಅಲ್ಲಿನ ರೇಡಿಯೋ ಕೇಳಿಸ್ತೀನಿ, ಪದ ಬರೀಬೇಡಿ, ತ್ಸ, ದ್ಝ ಬಂದ ಕಡೆಯೆಲ್ಲ ಪೆನ್ಸಿಲ್ ಗೆರೆ ಹಾಕಿ ಅಂತೀನಿ. ಎರಡು ದಿನ ಬರೀ ಗೆರೆ, ಆಮೇಲೆ ತಾನಾಗೇ ಮರ್ದಿ, ದೀನೆ, ಪತಿ ಎಲ್ಲಾ ಆಚೆ ಬರೋಕೆ ಶುರುವಾಗತ್ತೆ.

ನಮ್ಮ ಹುಡುಗನ್ನ ಅದೇ ಮನೆಯವರು ಮತ್ತೆ ಕರ್ದಿದಾರೆ, ಈ ಸಲ ಶನಿವಾರ ಸೂಪೆಗೆ. ಬುದ್ಧಿ ಬಂದಿತ್ತಲ್ಲ, ಎಷ್ಟು ಗಂಟೆಗೆ ಅಂತ ಕೇಳಿದಾನೆ. ಐದೂವರೆಗೆ ಅಂದ್ರಂತೆ. "ಮೇಡಂ, ಐದೂವರೆ ನಮ್ಮನೇಲಿ ಕಾಫಿ ಟೈಮು, ರಾತ್ರಿ ಊಟಾನೇ ಬಡಿಸ್ತಾರಾ ಇಲ್ಲ ನಾನು ಮತ್ತೆ ತಪ್ಪು ಕೇಳಿಸ್ಕೊಂಡ್ನಾ?" ಅಂತ ಮೆಸೇಜ್ ಮಾಡಿದಾನೆ. ಊಟಾನೇ ಕಣಪ್ಪ, ಮಧ್ಯಾಹ್ನ ಕಮ್ಮಿ ತಿನ್ನು ಅಂದೆ.