ಕೈಮೀರಿದ ಘಟನೆ: ಪ್ರವಾಸದ ಕರಾರಿನ ಒಂದು ಷರತ್ತನ್ನು ಕನ್ನಡಕ್ಕೆ ತರುವಾಗ

ಶಿರಸಿಯಲ್ಲಿರುವ ನನ್ನ ಚಿಕ್ಕಮ್ಮನ ಸ್ವಸಹಾಯ ಸಂಘದವರು ಇಪ್ಪತ್ತು ಜನ ಸೇರಿ ಜುಲೈನಲ್ಲಿ ಗೋಕರ್ಣ, ಕಾರವಾರ ನೋಡಿ ಬರಲು ಹೊರಟಿದ್ದರು. ಎರಡು ರಾತ್ರಿ, ತಲೆಗೆ 5,000 ರೂಪಾಯಿ. ಆಯೋಜಕರು ಕೊಟ್ಟ ಕರಾರು ಪೂರ್ತಿ ಇಂಗ್ಲಿಷಿನಲ್ಲಿತ್ತು. "ಸಹಿ ಹಾಕುವ ಮೊದಲು ಎಲ್ಲರಿಗೂ ಓದಿ ಹೇಳಬೇಕು, ಕನ್ನಡ ಮಾಡಿಕೊಡು ಮಾರಾಯಾ" ಎಂದರು ಚಿಕ್ಕಮ್ಮ. ಊಟ, ಬಸ್ಸು, ರೂಮಿನ ಷರತ್ತುಗಳು ಸಲೀಸಾಗಿ ಮುಗಿದವು. ಸಿಕ್ಕಿಬಿದ್ದದ್ದು ಫೋರ್ಸ್ ಮಜೂರ್ ಷರತ್ತಿನಲ್ಲಿ. ಕರಾರುಗಳ ಅನುವಾದ ಕಲಿಯುತ್ತಿರುವ ಬೇರೆಯವರಿಗೂ ಬೇಕಾದೀತು ಎಂದು ಆಗ ಮಾಡಿಕೊಂಡ ಟಿಪ್ಪಣಿ ಇದು.

ಫೋರ್ಸ್ ಮಜೂರ್ ಫ್ರೆಂಚ್ ಮಾತು. ನಮಗಿಂತ ದೊಡ್ಡ ಬಲ ಎಂಬ ಅರ್ಥ. ಯಾರ ಹಿಡಿತಕ್ಕೂ ಸಿಗದ ಏನೋ ನಡೆದು, ಒಪ್ಪಿಕೊಂಡ ಕೆಲಸ ಮಾಡಲು ಆಗದೇ ಹೋದರೆ ಏನು ಗತಿ ಎಂದು ಈ ಷರತ್ತು ಮೊದಲೇ ಬರೆದಿಡುತ್ತದೆ.

ಇದಕ್ಕೆ ಕನ್ನಡದಲ್ಲಿ ಎರಡು ಸಿದ್ಧ ಪದಗಳು ಸಿಗುತ್ತವೆ, ಎರಡೂ ಇಲ್ಲಿ ಹೊಂದುವುದಿಲ್ಲ. ಒಂದು "ದೈವಿಕ ಪ್ರಕೋಪ". ಇದು ಕಿರಿದಾಯಿತು. ಪ್ರವಾಹ, ಭೂಕಂಪ ಇದರೊಳಗೆ ಕೂರುತ್ತವೆ. ಆದರೆ ಇಂಗ್ಲಿಷ್ ಪಟ್ಟಿಯಲ್ಲಿ ಮುಷ್ಕರ, ಯುದ್ಧ, ಸರ್ಕಾರಿ ಆದೇಶವೂ ಇದ್ದವು. ಜಿಲ್ಲಾಧಿಕಾರಿ ರಸ್ತೆ ಮುಚ್ಚಿಸಿದರೆ ಅದರಲ್ಲಿ ದೈವದ ಪಾಲು ಎಲ್ಲಿದೆ?

ಇನ್ನೊಂದು "ಅನಿವಾರ್ಯ ಕಾರಣ". ಇದು ಜಾಸ್ತಿ ಅಪಾಯ. ಭಾಷಣಕಾರರು ಬಾರದಿದ್ದರೂ, ಟಿಕೆಟ್ ಖರ್ಚಾಗದಿದ್ದರೂ "ಅನಿವಾರ್ಯ ಕಾರಣಗಳಿಂದ ಕಾರ್ಯಕ್ರಮ ಮುಂದೂಡಲಾಗಿದೆ" ಎಂಬ ಬೋರ್ಡು ಬೀಳುವುದನ್ನು ನೋಡಿದ್ದೇವಲ್ವಾ? ಆ ಪದ ಕೇಳಿದ ಕೂಡಲೇ ಓದುವವರು ಏನು ಬೇಕಾದರೂ ಒಪ್ಪಿಕೊಂಡುಬಿಡುತ್ತಾರೆ. ಬುಕಿಂಗ್ ಕಮ್ಮಿಯಾಯಿತೆಂದು ಬಸ್ಸು ಬಿಡದಿರುವುದು ಫೋರ್ಸ್ ಮಜೂರ್ ಅಲ್ಲ. ಅದು ಆಯೋಜಕರ ವ್ಯಾಪಾರದ ಲೆಕ್ಕ.

ಕೊನೆಗೆ ನಾನು ಹಿಡಿದದ್ದು "ಕೈಮೀರಿದ ಘಟನೆ". ಮನೆಯಲ್ಲಿ ಎಲ್ಲರೂ ಆಡುವ ಮಾತು. ಅದರೊಳಗೇ ಒಂದು ಪರೀಕ್ಷೆಯೂ ಇದೆ: ಯಾರ ಕೈ, ನಿಜವಾಗಿ ಮೀರಿತ್ತೇ ಎಂದು ಕೇಳಬಹುದು.

ಆ ಪರೀಕ್ಷೆಯನ್ನು ನಮ್ಮದೇ ರಸ್ತೆಯ ಮೇಲೆ ಮಾಡಿ ನೋಡೋಣ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಗೋಕರ್ಣದಿಂದ ಕಾರವಾರಕ್ಕೆ ಹೋಗುವ ಮುಖ್ಯ ದಾರಿ ಅದೇ. ನಮ್ಮ ಸಂಘದ ಬಸ್ಸು ಗೋಕರ್ಣದಲ್ಲಿದ್ದಾಗ ಅಂಥದ್ದೇ ಆಯಿತು ಎಂದಿಟ್ಟುಕೊಳ್ಳಿ. ಗುಡ್ಡ ಆಯೋಜಕರ ಕೈಯಲ್ಲಿಲ್ಲ, ಸರಿ. ಆದರೆ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರುವ ಸುತ್ತು ದಾರಿ ತೆರೆದಿದ್ದರೆ? ಆಗ ಕಾರವಾರ ತಲುಪುವುದು ಅಸಾಧ್ಯವಲ್ಲ, ಡೀಸೆಲ್ಲೂ ಹೊತ್ತೂ ಜಾಸ್ತಿ ಅಷ್ಟೇ. ಖರ್ಚು ಹೆಚ್ಚಾದ ಮಾತ್ರಕ್ಕೆ ಕರಾರು ಬಿದ್ದುಹೋಗದು ಎಂದು ಸುಪ್ರೀಂ ಕೋರ್ಟ್ 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಹೇಳಿದೆ. ಅಲ್ಲಿ ವಿಷಯ ವಿದ್ಯುತ್ ಕಂಪನಿಗಳದ್ದು, ಇಂಡೋನೇಷ್ಯಾದ ಕಲ್ಲಿದ್ದಲ ಬೆಲೆ ಏರಿದ್ದು. ಆದರೂ ತರ್ಕ ನಮ್ಮ ಬಸ್ಸಿಗೂ ಬರುತ್ತದೆ. ಆ ಸುತ್ತು ದಾರಿಯೂ ಮುಚ್ಚಿದ್ದರೆ ಮಾತು ಬೇರೆ.

ಇನ್ನೊಂದು ಸಂಗತಿ, ಮೊದಲೇ ಗೊತ್ತಿದ್ದದ್ದು. ಜುಲೈನಲ್ಲಿ ಕರಾವಳಿಯಲ್ಲಿ ಮಳೆ ಬರುತ್ತದೆ, ಕಡಲು ಏಳುತ್ತದೆ. ಇದು ಚಿಕ್ಕ ಮಗುವಿಗೂ ಗೊತ್ತು. ಜುಲೈನ ಪ್ಯಾಕೇಜಿನಲ್ಲಿ ಸಮುದ್ರದ ಬೋಟಿಂಗ್ ಸೇರಿಸಿ ಹಣ ಪಡೆದು, ಆಮೇಲೆ "ಕಡಲು ಒರಟಾಗಿತ್ತು, ಕೈಮೀರಿತು" ಎಂದರೆ ಒಪ್ಪುವುದು ಕಷ್ಟ.

ಈಗ ಷರತ್ತಿನ ಎರಡನೇ ಅರ್ಧಕ್ಕೆ ಬರೋಣ. ನಿಜವಾದ ತೊಡಕು ಅಲ್ಲಿತ್ತು. ಮೊದಲ ಕರಡಿನಲ್ಲಿ ನಾನು ಬರೆದದ್ದು ಹೀಗೆ: "ಸದರಿ ಸಂದರ್ಭದಲ್ಲಿ ಕಂಪನಿಯು ಯಾವುದೇ ಹೊಣೆಗಾರಿಕೆಗೆ ಒಳಪಡತಕ್ಕದ್ದಲ್ಲ ಹಾಗೂ ಬಳಕೆಯಾಗದ ಸೇವೆಗಳ ಬಾಬ್ತು ಮರುಪಾವತಿ ಇರುವುದಿಲ್ಲ." ಓದಿ ಹೇಳಿದೆ. ಚಿಕ್ಕಮ್ಮ ಕೇಳಿದರು: "ಅಂದ್ರೆ ಗುಡ್ಡ ಕುಸಿದ್ರೆ ನಮ್ ದುಡ್ಡು ಹೋಯ್ತು ಅಂತನಾ?" ಹೌದು, ಅದೇ. ಹಾಗಾದರೆ ಅದನ್ನೇ ಬರೆಯಬೇಕಿತ್ತು.

ಇಲ್ಲಿ ಎರಡು ಬೇರೆ ಮಾತುಗಳು ಒಂದೇ ವಾಕ್ಯದಲ್ಲಿ ಸೇರಿಕೊಂಡಿವೆ. ಒಂದು ನಷ್ಟ ಪರಿಹಾರ: ಪ್ರವಾಸ ಕೆಟ್ಟಿತು, ಅದಕ್ಕೆ ದಂಡ ಕೊಡಿ ಎಂದು ಕೇಳುವುದು. ಇನ್ನೊಂದು ನಾವು ಕೊಟ್ಟ ಹಣ ವಾಪಸ್ ಕೇಳುವುದು. ಕೈಮೀರಿದ ಘಟನೆ ನಡೆದಾಗ ದಂಡ ಇಲ್ಲ ಎನ್ನುವುದು ನ್ಯಾಯವೇ. ಆದರೆ ಖರ್ಚೇ ಮಾಡದ ಹಣವನ್ನು ಇಟ್ಟುಕೊಳ್ಳುವುದು ಬೇರೆ ವಿಚಾರ. 1872ರ ಭಾರತೀಯ ಕರಾರು ಕಾಯ್ದೆಯ 65ನೇ ಕಲಂ ಪ್ರಕಾರ, ಕರಾರು ಶೂನ್ಯವಾದರೆ, ಅಂದರೆ ಕಾನೂನಿನ ಬಲ ಕಳೆದುಕೊಂಡರೆ, ಅದರಿಂದ ಲಾಭ ಪಡೆದವರು ಅದನ್ನು ಹಿಂತಿರುಗಿಸಬೇಕು. "ವಾಪಸ್ ಇಲ್ಲ" ಎಂಬ ಷರತ್ತಿಗೆ ಸಹಿ ಹಾಕಿದ್ದರೆ ಅದೇ ವಾದ ಕಷ್ಟವಾಗುತ್ತದೆ. ಆಗ ಷರತ್ತೇ ಏಕಪಕ್ಷೀಯ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವಾದಿಸಬೇಕಾಗುತ್ತದೆ. 5,000 ರೂಪಾಯಿಗೆ ಯಾರು ಅಷ್ಟು ಓಡಾಡುತ್ತಾರೆ?

ಲೆಕ್ಕ ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಕಾರವಾರದ ದಿನ ತಪ್ಪಿತು ಎನ್ನೋಣ. ಅಲ್ಲಿನ ರೂಮಿಗೆ ಆಯೋಜಕರು 24,000 ಕಟ್ಟಿದ್ದರು, ಲಾಡ್ಜಿನವರು 6,000 ಹಿಡಿದುಕೊಂಡು 18,000 ಮರಳಿಸಿದರು. ಆ ದಿನದ ಊಟದ 8,000 ಮತ್ತು ಕಾಳಿ ನದಿಯ ದೋಣಿಯ 4,000 ಖರ್ಚಾಗಲೇ ಇಲ್ಲ. ಒಟ್ಟು 30,000, ತಲೆಗೆ 1,500. ಇಂಗ್ಲಿಷ್ ಷರತ್ತಿನ ಪ್ರಕಾರ ಇದರಲ್ಲಿ ಸಂಘಕ್ಕೆ ಬರುವುದು ಸೊನ್ನೆ.

ಅನುವಾದಕ ಇಲ್ಲಿ ಒಳ್ಳೆಯವನಾಗಲು ಹೋಗಬಾರದು. "ಸಾಧ್ಯವಾದಷ್ಟು ಹಣ ಮರಳಿಸಲಾಗುವುದು" ಎಂದು ಮೆತ್ತಗೆ ಮಾಡಿದರೆ ಅದು ಕರಾರಿನಲ್ಲಿ ಇಲ್ಲದ ಮಾತು. ಇಂಗ್ಲಿಷ್ ಗಡುಸಾಗಿದ್ದರೆ ಕನ್ನಡವೂ ಗಡುಸಾಗಿಯೇ ಇರಲಿ, ಆದರೆ ಅರ್ಥವಾಗಲಿ. ಸಣ್ಣ ಪದಗಳೂ ಕೈಕೊಡುತ್ತವೆ. "ಇನ್‌ಕ್ಲೂಡಿಂಗ್ ಬಟ್ ನಾಟ್ ಲಿಮಿಟೆಡ್ ಟು" ಅಂದರೆ ಇವೂ ಸೇರಿ, ಆದರೆ ಇಷ್ಟೇ ಅಲ್ಲ ಎಂದು. ಅದನ್ನು ಬಿಟ್ಟುಬಿಟ್ಟರೆ ಪಟ್ಟಿ ಅಲ್ಲಿಗೇ ಮುಗಿದಂತೆ ಕಾಣುತ್ತದೆ. "ಬದಲಾಯಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದೆ" ಎಂಬುದು ರೈಲ್ವೆ ಟಿಕೆಟಿನ ಮಾತಿನಂತೆ ಕೇಳುತ್ತದೆ, "ಬದಲಾಯಿಸಬಹುದು" ಸಾಕು.

ನನ್ನ ಎರಡನೇ ಕರಡು:

"ನಮ್ಮ ಕೈಮೀರಿದ ಘಟನೆಯಿಂದ ಪ್ರವಾಸ ನಡೆಸಲು ಆಗದಿದ್ದರೆ ಅಥವಾ ತಡವಾದರೆ ನಾವು ಪರಿಹಾರ ಕೊಡುವುದಿಲ್ಲ. ಪ್ರವಾಹ, ಭೂಕುಸಿತ, ಭೂಕಂಪ, ಸಾಂಕ್ರಾಮಿಕ ರೋಗ, ಯುದ್ಧ, ಮುಷ್ಕರ, ಸರ್ಕಾರಿ ಆದೇಶ ಇಂಥ ಘಟನೆಗಳು. ಪಟ್ಟಿಯಲ್ಲಿ ಇಲ್ಲದ ಬೇರೆ ಕಾರಣವೂ ನಮ್ಮ ಹಿಡಿತಕ್ಕೆ ಮೀರಿದ್ದಾದರೆ ಇದರಲ್ಲಿ ಸೇರುತ್ತದೆ. ಆಗ ನಾವು ಪ್ರವಾಸದ ದಾರಿ, ಸ್ಥಳ ಬದಲಾಯಿಸಬಹುದು ಅಥವಾ ಪ್ರವಾಸವನ್ನೇ ರದ್ದು ಮಾಡಬಹುದು. ನಿಮಗೆ ಸಿಗದೇ ಹೋದ ರೂಮು, ಊಟ, ಓಡಾಟದ ಹಣ ವಾಪಸ್ ಕೊಡುವುದಿಲ್ಲ."

ಇದನ್ನು ಸಂಘದಲ್ಲಿ ಓದಿದಾಗ ಕೊನೆಯ ಸಾಲಿಗೆ ಗದ್ದಲವೇ ಆಯಿತು. ಮೊದಲ ಕರಡಿನಲ್ಲಿ ಅದೇ ಸಾಲು ಚಿಕ್ಕಮ್ಮನನ್ನು ಬಿಟ್ಟು ಯಾರ ಕಿವಿಗೂ ಬಿದ್ದಿರಲಿಲ್ಲ. ಚಿಕ್ಕಮ್ಮ ಆಯೋಜಕರಿಗೆ ಫೋನ್ ಮಾಡಿದರು. ಸ್ವಲ್ಪ ಜಗ್ಗಾಟದ ಮೇಲೆ ಕೊನೆಯ ಸಾಲು ಹೋಗಿ ಇನ್ನೊಂದು ಬಂತು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ: "ಖರ್ಚಾಗದ ಹಣವನ್ನೂ ಲಾಡ್ಜ್ ಮತ್ತು ವಾಹನದವರಿಂದ ನಮಗೆ ಮರಳಿ ಬಂದ ಹಣವನ್ನೂ ಪ್ರವಾಸ ಮುಗಿದ 15 ದಿನದೊಳಗೆ ಲೆಕ್ಕದ ಚೀಟಿಯೊಂದಿಗೆ ಕೊಡುತ್ತೇವೆ."